ರಾತ್ರಿ ಬರುವ ಬೀಜದ ನೋವಿಗೆ ಬೆಳಗಿನ ಸ್ಕ್ಯಾನ್ ಬುಕ್ ಮಾಡಿಸುವುದರ ವಿರುದ್ಧ ದೂರು

ಇವರಿಗೆ,
ವ್ಯವಸ್ಥಾಪಕರು ಮತ್ತು ಮುಖ್ಯ ವೈದ್ಯಾಧಿಕಾರಿ,
24 ಗಂಟೆಗಳ ದೂರವಾಣಿ ವೈದ್ಯ ಸಲಹಾ ಸೇವೆ

ಇವರಿಂದ,
ಮಕ್ಕಳ ಶಸ್ತ್ರಚಿಕಿತ್ಸೆ ಮತ್ತು ಯುರಾಲಜಿ ವಿಭಾಗದ ವೈದ್ಯರು

ವಿಷಯ: 13 ವರ್ಷದ ಹುಡುಗನ ಹಠಾತ್ ವೃಷಣ ನೋವಿಗೆ ನಿಮ್ಮ ಸಿಬ್ಬಂದಿ ಕೊಟ್ಟ ಸಲಹೆ ಮತ್ತು ಆ ಸಲಹೆಯ ಹಿಂದಿರುವ ಪ್ರಶ್ನಾವಳಿಯ ಕುರಿತು.

ಮಾನ್ಯರೇ,

ಹುಡುಗನ ತಂದೆ ತಾಯಿಯ ಒಪ್ಪಿಗೆ ಪಡೆದು ಈ ಪತ್ರ ಬರೆಯುತ್ತಿದ್ದೇವೆ. ಕುಟುಂಬಕ್ಕೆ ನೀವು ಬರೆದ ಉತ್ತರವನ್ನೂ ಓದಿದ್ದೇವೆ. ಕರೆ ಸ್ವೀಕರಿಸಿದವರ ಮೇಲೆ ನಮ್ಮ ದೂರಿಲ್ಲ. ಅವರು ತಮ್ಮ ಎದುರಿನ ಪರದೆಯಲ್ಲಿದ್ದದ್ದನ್ನು ಓದಿದ್ದಾರೆ, ಅಷ್ಟೇ. ತಪ್ಪಿರುವುದು ಪರದೆಯಲ್ಲಿದ್ದ ಪ್ರಶ್ನಾವಳಿಯಲ್ಲಿ.

ನಡೆದದ್ದು ಇದು. ರಾತ್ರಿ 1 ಗಂಟೆಗೆ ಹುಡುಗ ನೋವಿನಿಂದ ಎಚ್ಚರಗೊಂಡ. ಮೊದಲು ಹೇಳಿದ್ದು ಕೆಳಹೊಟ್ಟೆ ನೋವು ಎಂದು. ಎರಡು ಸಲ ವಾಂತಿಯಾಯಿತು. 1.30ಕ್ಕೆ ತಾಯಿ ನಿಮಗೆ ಕರೆ ಮಾಡಿದರು. ಮಾತಿನ ನಡುವೆ ಹುಡುಗ ಎಡಗಡೆ ಬೀಜವೇ ನೋಯುತ್ತಿದೆ ಎಂದು ಒಪ್ಪಿಕೊಂಡ, ತಾಯಿ ಅದನ್ನೂ ಹೇಳಿದರು. ಮುಂದಿನ ಪ್ರಶ್ನೆ ‘ಪೆಟ್ಟು ಬಿದ್ದಿತ್ತೇ?’ ಎಂಬುದು. ಸಂಜೆ ಕಬಡ್ಡಿ ಆಡಿದ್ದ, ಹೌದು ಅಂದ. ಅಲ್ಲಿಗೆ ಪ್ರಕರಣ ‘ಆಟದ ಗಾಯ’ದ ಕಡೆ ಹೋಯಿತು. ನೋವಿನ ಮಾತ್ರೆ ಕೊಡಿ, ಐಸ್ ಇಡಿ, ಬೆಳಿಗ್ಗೆ 10ಕ್ಕೆ ಸ್ಕ್ಯಾನ್ ಮಾಡಿಸಿ ಎಂದು ಹೇಳಿ ನಿಮ್ಮವರೇ ಸ್ಕ್ಯಾನ್ ಸೆಂಟರಿನಲ್ಲಿ ಸಮಯ ಬುಕ್ ಮಾಡಿದರು. ಸ್ಕ್ಯಾನ್ ಆದದ್ದು 11.30ಕ್ಕೆ, ವರದಿ ಕೈಗೆ ಬಂದದ್ದು 12.30ಕ್ಕೆ: ಎಡ ವೃಷಣಕ್ಕೆ ರಕ್ತ ಹರಿಯುತ್ತಿಲ್ಲ. ಹುಡುಗ ಬೆಳಿಗ್ಗೆ ಇಡ್ಲಿ ತಿಂದಿದ್ದರಿಂದ ಅರಿವಳಿಕೆ ಕೊಡುವಾಗ ಹೆಚ್ಚಿನ ಎಚ್ಚರಿಕೆ ಬೇಕಾಯಿತು. ಮಧ್ಯಾಹ್ನ 3ಕ್ಕೆ ವೃಷಣಚೀಲ ತೆರೆದಾಗ ವೃಷಣ ಕಪ್ಪಾಗಿತ್ತು. ತಿರುಚನ್ನು ಬಿಡಿಸಿ, ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾದರೂ ಬಣ್ಣ ತಿರುಗಲಿಲ್ಲ. ಅದನ್ನು ತೆಗೆಯಬೇಕಾಯಿತು.

ಈ ನೋವಿನ ಹೆಸರು ಟಾರ್ಷನ್, ಅಂದರೆ ವೃಷಣ ತನ್ನ ಬಳ್ಳಿಯ ಮೇಲೆ ತಿರುಚಿಕೊಳ್ಳುವುದು. ವೃಷಣಕ್ಕೆ ರಕ್ತ ತರುವ ನಾಳ, ವಾಪಸ್ ಒಯ್ಯುವ ನಾಳ ಎರಡೂ ಒಂದೇ ಬಳ್ಳಿಯೊಳಗಿವೆ. ಸಾಮಾನ್ಯವಾಗಿ ವೃಷಣ ಹಿಂಬದಿಯಲ್ಲಿ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಆ ಅಂಟು ಇರುವುದಿಲ್ಲ, ಗಂಟೆಯೊಳಗಿನ ನಾಲಿಗೆಯಂತೆ ಅದು ಸ್ವತಂತ್ರವಾಗಿ ತೂಗಾಡುತ್ತದೆ. ಹರೆಯಕ್ಕೆ ಬಂದಾಗ ವೃಷಣ ದೊಡ್ಡದಾಗಿ ತೂಕ ಹೆಚ್ಚುತ್ತದೆ. ಹಾಗಾಗಿಯೇ 12ರಿಂದ 18ರ ವಯಸ್ಸಿನಲ್ಲಿ ಇದು ಹೆಚ್ಚು, ನಿದ್ದೆಯಲ್ಲೂ ಆಗುತ್ತದೆ. ಬಳ್ಳಿ ತಿರುಚಿದಾಗ ಮೊದಲು ಮುಚ್ಚುವುದು ಗೋಡೆ ತೆಳ್ಳಗಿರುವ ಅಭಿಧಮನಿ. ರಕ್ತ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಊತ ಏರಿ, ಕೊನೆಗೆ ಅಪಧಮನಿಯೂ ಮುಚ್ಚುತ್ತದೆ.

ನೋವು ಶುರುವಾದ 6 ಗಂಟೆಯೊಳಗೆ ತಿರುಚು ಬಿಡಿಸಿದರೆ ನೂರರಲ್ಲಿ ಸುಮಾರು 90 ವೃಷಣಗಳು ಉಳಿಯುತ್ತವೆ. 12 ಗಂಟೆ ದಾಟಿದರೆ ಹೆಚ್ಚೂಕಡಿಮೆ ಅರ್ಧ. 24 ಗಂಟೆ ದಾಟಿದರೆ ಹತ್ತರ ಆಸುಪಾಸು. ಎಷ್ಟು ಸುತ್ತು ತಿರುಚಿದೆ ಎಂಬುದರ ಮೇಲೆ ಇದು ಹಿಂದುಮುಂದಾಗುತ್ತದೆ, ಆದ್ದರಿಂದ ತಡವಾಗಿ ಬಂದವರನ್ನೂ ನಾವು ಹಿಂದೆ ಕಳಿಸುವುದಿಲ್ಲ. ಈ ಹುಡುಗನ ವಿಷಯದಲ್ಲಿ 1ರಿಂದ 3ರವರೆಗೆ 14 ಗಂಟೆ ಕಳೆದಿತ್ತು. ನಿಮಗೆ ಕರೆ ಬಂದಾಗ ಕಳೆದದ್ದು ಬರೀ ಅರ್ಧ ಗಂಟೆ. ಆತನ ಊರಿನಿಂದ ಸರ್ಜನ್ ಮತ್ತು ಅರಿವಳಿಕೆ ವೈದ್ಯರಿರುವ ಆಸ್ಪತ್ರೆಗೆ 40 ನಿಮಿಷದ ದಾರಿ. ಆಗಲೇ ಹೊರಟಿದ್ದರೆ ಬೆಳಗಿನ ನಾಲ್ಕರ ಹೊತ್ತಿಗೆ ಶಸ್ತ್ರಚಿಕಿತ್ಸೆ ಆಗಬಹುದಿತ್ತು.

ಈಗ ನಿಮ್ಮ ಪ್ರಶ್ನಾವಳಿ. ಪೆಟ್ಟು ಬಿದ್ದಿದೆ ಎಂದರೆ ಟಾರ್ಷನ್ ಅಲ್ಲ ಎಂದು ಅದು ತೀರ್ಮಾನಿಸುತ್ತದೆ. ಆಡುವ ವಯಸ್ಸಿನ ಯಾವ ಹುಡುಗನನ್ನು ಕೇಳಿದರೂ ಪೆಟ್ಟಿನ ಒಂದು ನೆನಪು ಸಿಗುತ್ತದೆ. ಕೆಲವೊಮ್ಮೆ ಪೆಟ್ಟೇ ತಿರುಚಿಗೆ ಕಾರಣವಾಗುವುದೂ ಉಂಟು. ಬರೀ ಪೆಟ್ಟಿನ ನೋವು ಬಿದ್ದಾಗ ಜೋರಾಗಿದ್ದು ಒಂದು ಗಂಟೆಯೊಳಗೆ ಇಳಿಯುತ್ತಾ ಬರುತ್ತದೆ. ಸಂಜೆ ಬಿದ್ದ ಪೆಟ್ಟು ಸುಮ್ಮನಿದ್ದು ರಾತ್ರಿ 1ಕ್ಕೆ ವಾಂತಿ ತರಿಸುವಷ್ಟು ನೋಯುವುದಿಲ್ಲ. ಇನ್ನೊಂದು, ‘ನೋವು ಕಡಿಮೆಯಾದರೆ ಕಾಯಬಹುದು’ ಎಂಬ ಸಾಲು. ಮಾತ್ರೆ ಕೊಡುವುದು ತಪ್ಪಲ್ಲ, ನೋಯುವ ಮಗುವಿಗೆ ಕೊಡಲೇಬೇಕು. ಆದರೆ ಮಾತ್ರೆಯಿಂದ ನೋವು ಇಳಿದರೆ ತಿರುಚು ಬಿಟ್ಟಿದೆ ಎಂದಲ್ಲ. ವೃಷಣ ಸಾಯುತ್ತಾ ಬಂದಾಗಲೂ ನೋವು ಇಳಿಯುತ್ತದೆ.

ಸ್ಕ್ಯಾನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಉತ್ತರದಲ್ಲಿ ‘ಪರೀಕ್ಷೆಯಿಲ್ಲದೆ ತುರ್ತು ಎಂದು ಹೇಳಲಾಗದು’ ಎಂದಿದ್ದೀರಿ. ಹೇಳಬಹುದು. ವೈದ್ಯರು ಐದು ಸಂಗತಿಗಳಿಗೆ ಅಂಕ ಕೊಡುತ್ತಾರೆ: ಊತಕ್ಕೆ 2, ವೃಷಣ ಮುಟ್ಟಿದರೆ ಗಟ್ಟಿಯಾಗಿದ್ದರೆ 2, ಒಳತೊಡೆ ಸವರಿದಾಗ ವೃಷಣ ಮೇಲಕ್ಕೆ ಜಿಗಿಯದಿದ್ದರೆ 1, ವಾಕರಿಕೆ ಅಥವಾ ವಾಂತಿಗೆ 1, ಆ ಕಡೆಯ ವೃಷಣ ಮೇಲಕ್ಕೆ ಏರಿ ಕುಳಿತಿದ್ದರೆ 1. ಒಟ್ಟು 7ರಲ್ಲಿ 6 ಅಥವಾ 7 ಬಂದರೆ ಸ್ಕ್ಯಾನಿಗೆ ಕಾಯದೆ ನೇರ ಆಪರೇಷನ್ ಥಿಯೇಟರಿಗೆ ಒಯ್ಯುತ್ತಾರೆ. ಇದಕ್ಕೆ ಬೇಕಾದದ್ದು ಎರಡು ಕೈ ಮತ್ತು ಎರಡು ನಿಮಿಷ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಅನುಮಾನ ಉಳಿದಾಗ ಉಪಯೋಗಕ್ಕೆ ಬರುತ್ತದೆ, ಅದೂ ಆಸ್ಪತ್ರೆಯೊಳಗೆ, ಆಗಲೇ ಸಿಗುವುದಾದರೆ. ಅರ್ಧ ತಿರುಚಿದ ಬಳ್ಳಿಯಲ್ಲಿ, ತಿರುಚಿ ತಾನಾಗಿಯೇ ಬಿಚ್ಚಿಕೊಳ್ಳುವ ಬಳ್ಳಿಯಲ್ಲಿ ರಕ್ತ ಹರಿಯುವುದು ಕಾಣುವುದರಿಂದ ವರದಿ ಸುಳ್ಳು ಸಮಾಧಾನವನ್ನೂ ಕೊಡಬಲ್ಲದು. ವೃಷಣದ ಪಕ್ಕದ ಸಣ್ಣ ತುಣುಕು ತಿರುಚಿದರೂ, ಸೋಂಕಾದರೂ ನೋವು ಬರುತ್ತದೆ ಎಂಬುದು ನಿಜ. ಅವನ್ನು ಫೋನಿನಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಅನುಮಾನದಿಂದ ಚೀಲ ತೆರೆದು ಏನೂ ಸಿಗದಿದ್ದರೆ ಉಳಿಯುವುದು ಒಂದು ಚಿಕ್ಕ ಗಾಯದ ಗುರುತು.

ಶಸ್ತ್ರಚಿಕಿತ್ಸೆಗೆ ದೊಡ್ಡ ಊರಿನ ತಜ್ಞರೇ ಬೇಕೆಂಬ ನಿಮ್ಮ ಟಿಪ್ಪಣಿಯೂ ಸರಿಯಲ್ಲ. ಜನರಲ್ ಸರ್ಜನ್ ಇದನ್ನು ಮಾಡಬಲ್ಲರು. ಮೂರು ಗಂಟೆ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರೆ ಉಳಿಯುವ ಹೊತ್ತೇ ದಾರಿಯಲ್ಲಿ ಮುಗಿಯುತ್ತದೆ. ಅದೇ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ವೃಷಣವನ್ನೂ ಕರಗದ ದಾರದಿಂದ ಒಳಗೆ ಹೊಲಿದು ನಿಲ್ಲಿಸುತ್ತಾರೆ, ಏಕೆಂದರೆ ಹುಟ್ಟಿನ ಆ ಸಡಿಲ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಈ ಹುಡುಗನಿಗೂ ಬಲಗಡೆ ಹೊಲಿದಿದ್ದಾರೆ.

ಭಾರತದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ತುರ್ತು ಪ್ರಕರಣಗಳಲ್ಲಿ ರೋಗಿ ಆದಷ್ಟು ಬೇಗ ವೈದ್ಯರನ್ನು ಮುಖತಃ ಕಾಣುವಂತೆ ಹೇಳಬೇಕು. ಎಂಟೂವರೆ ಗಂಟೆ ಆಚೆಗಿನ ಸ್ಕ್ಯಾನ್ ಬುಕಿಂಗ್ ಆ ಮಾತಿಗೆ ಹೊಂದುವುದಿಲ್ಲ. ಸಲಹಾ ಶುಲ್ಕ ವಾಪಸ್ ಕೊಡುವುದಾಗಿ ನೀವು ಬರೆದಿದ್ದೀರಿ. ಕುಟುಂಬ ಕೇಳಿದ್ದು ಅದನ್ನಲ್ಲ.

ನಾವು ಕೇಳುವುದು ಇಷ್ಟು. ಗಂಡುಮಕ್ಕಳ ಕೆಳಹೊಟ್ಟೆ ನೋವಿನ ಪ್ರತಿ ಕರೆಯಲ್ಲೂ ‘ಬೀಜದಲ್ಲಿ ನೋವಿದೆಯೇ, ಒಂದು ಕಡೆ ಊದಿದೆಯೇ’ ಎಂದು ನೇರವಾಗಿ ಕೇಳಬೇಕು. ನಾಚಿಕೆಯಿಂದ ಹುಡುಗರು ತಾವಾಗಿ ಹೇಳುವುದಿಲ್ಲ, ಪರೀಕ್ಷಿಸುವ ವೈದ್ಯರೂ ಚಡ್ಡಿ ಬಿಚ್ಚಿಸದೆ ಹೊಟ್ಟೆ ಮಾತ್ರ ಒತ್ತಿ ಕಳಿಸುವುದುಂಟು. ಹೌದು ಎಂದರೆ ಮುಂದಿನ ಪ್ರಶ್ನೆಗಳನ್ನೆಲ್ಲ ನಿಲ್ಲಿಸಿ, ಈಗಲೇ ಹೊರಡಿ, ಏನೂ ತಿನ್ನಿಸಬೇಡಿ ಕುಡಿಸಬೇಡಿ, ರಾತ್ರಿ ಸರ್ಜನ್ ಮತ್ತು ಅರಿವಳಿಕೆ ವೈದ್ಯರಿರುವ ಆಸ್ಪತ್ರೆಗೆ ಹೋಗಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ ಎಂದು ಹೇಳಬೇಕು. ಅಂಥ ಆಸ್ಪತ್ರೆಗಳ ತಾಲೂಕುವಾರು ಪಟ್ಟಿ ನಿಮ್ಮ ಸಿಬ್ಬಂದಿಯ ಮುಂದಿರಬೇಕು. ಈ ನೋವಿಗೆ ಸ್ಕ್ಯಾನ್ ಬುಕಿಂಗ್ ಗುಂಡಿಯೇ ಪರದೆಯಲ್ಲಿ ಕಾಣಬಾರದು.

ತಿದ್ದಿದ ಪ್ರಶ್ನಾವಳಿಯ ಪ್ರತಿಯನ್ನು 15 ದಿನಗಳೊಳಗೆ ಕಳಿಸಿ. ಬಾರದಿದ್ದರೆ ಕುಟುಂಬ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲಿದೆ, ವೈದ್ಯಕೀಯ ಅಭಿಪ್ರಾಯವನ್ನು ನಾವು ಲಿಖಿತವಾಗಿ ಕೊಡುತ್ತೇವೆ.

ಇಂತಿ,
ಮಕ್ಕಳ ಶಸ್ತ್ರಚಿಕಿತ್ಸೆ ಮತ್ತು ಯುರಾಲಜಿ ವಿಭಾಗದ ವೈದ್ಯರು

ಲಗತ್ತು: ಕರೆಯ ಧ್ವನಿಮುದ್ರಣದ ಬರಹರೂಪ, ಬುಕಿಂಗ್ ಸಂದೇಶ, ಡಾಪ್ಲರ್ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಪೋಷಕರ ಒಪ್ಪಿಗೆ ಪತ್ರ.