ಸಹನಾಗೆ, ಐದನೇ ಪ್ರಶ್ನೆಯ ಬಗ್ಗೆ

ಡೊಂಬಿವಲಿ
ಭಾನುವಾರ ಬೆಳಿಗ್ಗೆ

ಪ್ರೀತಿಯ ಸಹನಾ,

ನಿನ್ನ ಮಾವ ಮಾಡುವ ಆಶೀರ್ವಾದಗಳು. ನೀನು ಕಳಿಸಿದ ಉತ್ತರ ಪತ್ರಿಕೆಯ ಫೋಟೋಗಳನ್ನು ನಿನ್ನೆ ರಾತ್ರಿ ಕೂತು ಓದಿದೆ. ಉಳಿದ ಪ್ರಶ್ನೆಗಳೆಲ್ಲ ಚೆನ್ನಾಗಿವೆ, ಅವುಗಳ ಬಗ್ಗೆ ಬರೆಯುವುದಿಲ್ಲ. ಐದನೆಯದರಲ್ಲಿ ಮಾತ್ರ ನಿಂತುಬಿಟ್ಟೆ. ಅದು ನಾನು ಮೂವತ್ತು ವರ್ಷ ವಾದ ಮಾಡಿದ ವಿಷಯ, ಅಪಘಾತದ ಪರಿಹಾರ. ಅದರಲ್ಲಿ ನೀನು 'ಪರ್ ಇನ್‌ಕ್ಯೂರಿಯಂ', ಅಂದರೆ ಬದ್ಧವಾದ ಕಾನೂನನ್ನು ಗಮನಿಸದೆ ಕೊಟ್ಟ ತೀರ್ಪು, ಅಂತ ನಾಲ್ಕು ಸಲ ಬರೆದು, ನಾಲ್ಕು ಸಲವೂ ಕೆಳಗೆ ಕೆಂಪು ಗೆರೆ ಎಳೆದಿದ್ದೀಯ. ಒಂದು ಕಡೆ ಮಾತ್ರ ಅದು ಸರಿಯಾಗಿ ಕೂತಿದೆ. ಅಲ್ಲಿ ಕೂಡ ಅದನ್ನು ಹೇಳಬೇಕಾದವರ ಬಾಯಲ್ಲಿ ನೀನು ಹೇಳಿಸಿಲ್ಲ.

ಪ್ರಶ್ನೆಯನ್ನು ಇನ್ನೊಂದು ಸಲ ನೆನಪು ಮಾಡಿಕೋ. ಕೊಥ್ರೂಡ್‌ನಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದ ಒಬ್ಬ, 34 ವರ್ಷ, ತಿಂಗಳಿಗೆ 12,000 ರೂಪಾಯಿ ಆದಾಯ. 2012ರಲ್ಲಿ ಟ್ರಕ್ ಬಡಿದು ಸತ್ತ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಅಪಘಾತದ ಪರಿಹಾರ ತೀರ್ಮಾನಿಸುವ ಪುಣೆಯ ಟ್ರಿಬ್ಯೂನಲ್ ಮುಂದೆ 2014ರ ಆಗಸ್ಟ್‌ನಲ್ಲಿ ವಾದ. ಅವನು ಬದುಕಿದ್ದರೆ ಆದಾಯ ಏರುತ್ತಿತ್ತು, ಆ ಏರಿಕೆಯನ್ನೂ ಸೇರಿಸಿ ಪರಿಹಾರ ಕೊಡಿ ಅಂತ ಹೆಂಡತಿಯ ವಕೀಲರು ಕೇಳುತ್ತಾರೆ. ವಿಮಾ ಕಂಪನಿಯವರು ಆಗುವುದಿಲ್ಲ ಅನ್ನುತ್ತಾರೆ.

ಇದು ಬರೀ ತತ್ವದ ಜಗಳ ಅಲ್ಲ. ಲೆಕ್ಕ ಹಾಕಿ ನೋಡು. ವರ್ಷಕ್ಕೆ 1,44,000. ನಾಲ್ಕು ಜನ ಅವಲಂಬಿತರು ಇರುವುದರಿಂದ ಅವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆ. 1,08,000 ಉಳಿಯಿತು. 34 ವರ್ಷ ವಯಸ್ಸಿನವನಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸಬೇಕಾದ ಸಂಖ್ಯೆ, 16. ಒಟ್ಟು 17,28,000. ಏರಿಕೆ ಅಂತ ಶೇಕಡಾ 50 ಸೇರಿಸಿದರೆ ಅದೇ ಲೆಕ್ಕ 25,92,000ಕ್ಕೆ ಹೋಗುತ್ತದೆ. ನಡುವೆ ಇರುವ 8,64,000 ರೂಪಾಯಿ ಆ ಹೆಂಗಸಿಗೆ ಸಿಗುತ್ತದೋ ಇಲ್ಲವೋ ಅನ್ನುವುದು, ಯಾವ ತೀರ್ಪು ಆ ಟ್ರಿಬ್ಯೂನಲ್ ಅನ್ನು ಕಟ್ಟಿಹಾಕುತ್ತದೆ ಅನ್ನುವುದರ ಮೇಲೆ ನಿಂತಿದೆ.

ಈಗ ತೀರ್ಪುಗಳು. ನಾನು ರಫ್ ಹಾಳೆಯ ಮೇಲೆ ಪ್ರತಿ ತೀರ್ಪಿಗೂ ಮೊದಲು ನಾಲ್ಕು ವಿಷಯ ಬರೆದುಕೊಳ್ಳುತ್ತಿದ್ದೆ: ಯಾವ ಕೋರ್ಟು, ಎಷ್ಟು ಜಡ್ಜು, ಯಾವ ತಾರೀಕು, ಹಿಂದಿನ ಯಾವ ತೀರ್ಪನ್ನು ನೋಡಿದ್ದಾರೆ. ನೀನು ಮೊದಲನೆಯದನ್ನು ಮಾತ್ರ ನೋಡಿದ್ದೀಯ. 'ಎಲ್ಲವೂ ಸುಪ್ರೀಂ ಕೋರ್ಟು, ಸಂವಿಧಾನದ 141ನೇ ವಿಧಿಯ ಪ್ರಕಾರ ಎಲ್ಲವೂ ಬದ್ಧ' ಅಂತ ಬರೆದು ಮುಂದೆ ಹೋಗಿದ್ದೀಯ. ಎರಡು ತೀರ್ಪು ಎದುರುಬದುರು ನಿಂತಾಗ ಆ ಸಾಲು ಯಾವ ಉಪಯೋಗಕ್ಕೂ ಬರುವುದಿಲ್ಲ.

2009ರ ಸರಳಾ ವರ್ಮಾ, ಇಬ್ಬರು ಜಡ್ಜುಗಳು. ಸ್ವಂತ ದುಡಿಮೆಯವರಿಗೆ ಸಾಮಾನ್ಯವಾಗಿ ಸಾಯುವಾಗ ಇದ್ದ ಆದಾಯವನ್ನೇ ಹಿಡಿಯಬೇಕು, ಅಪರೂಪದ ವಿಶೇಷ ಸಂದರ್ಭದಲ್ಲಿ ಮಾತ್ರ ಬೇರೆ ಅಂದಿತು. 2012ರ ಸಂತೋಷ್ ದೇವಿ, ಅದೂ ಇಬ್ಬರು. ಸರಳಾ ವರ್ಮಾ ಕಣ್ಣ ಮುಂದೆ ಇದ್ದೂ, ಸ್ವಂತ ದುಡಿಮೆಯವರಿಗೂ ಶೇಕಡಾ 30 ಸೇರಿಸಬಹುದು ಅಂದಿತು. 2013ರ ಏಪ್ರಿಲ್ 2ರಂದು ರೇಷ್ಮಾ ಕುಮಾರಿ ಬಂತು. ಮೂವರು ಜಡ್ಜುಗಳು, ಸರಳಾ ವರ್ಮಾ ಹೇಳಿದ್ದೇ ಸರಿ ಅಂದರು. ಸರಿಯಾಗಿ ಹತ್ತು ದಿನಕ್ಕೆ, ಏಪ್ರಿಲ್ 12ಕ್ಕೆ, ಬೇರೆ ಮೂವರ ಪೀಠದಿಂದ ರಾಜೇಶ್ ಬಂತು. ಸ್ವಂತ ದುಡಿಮೆಯವರಿಗೂ, 40ರ ಒಳಗಿದ್ದರೆ ಶೇಕಡಾ 50 ಅಂದಿತು. ಹತ್ತು ದಿನದ ಹಿಂದಿನ ರೇಷ್ಮಾ ಕುಮಾರಿಯ ಹೆಸರೇ ಅದರಲ್ಲಿ ಇಲ್ಲ.

ಸಂತೋಷ್ ದೇವಿಗೂ ರಾಜೇಶ್‌ಗೂ ಇರುವ ವ್ಯತ್ಯಾಸ ನಿನಗೆ ಕಾಣಬೇಕು. ನೀನು ಎರಡಕ್ಕೂ ಪರ್ ಇನ್‌ಕ್ಯೂರಿಯಂ ಅಂತ ಒಂದೇ ಹಣೆಪಟ್ಟಿ ಹಚ್ಚಿದ್ದೀಯ. ಆ ಮಾತಿನ ಅರ್ಥ ಗಮನಕ್ಕೆ ಬಾರದೆ ಕೊಟ್ಟ ತೀರ್ಪು ಅಂತ. ಪಾಲಿಸಲೇಬೇಕಾದ ಕಾನೂನಿನ ಕಲಮೋ, ಸಮಾನ ಅಥವಾ ದೊಡ್ಡ ಪೀಠದ ತೀರ್ಪೋ ಕಣ್ಣಿಗೆ ಬೀಳದೇ ಹೋಗಿರಬೇಕು. ಸಂತೋಷ್ ದೇವಿ ಸರಳಾ ವರ್ಮಾವನ್ನು ಓದಿತ್ತು, ಚರ್ಚಿಸಿತ್ತು. ಅದರ ದೋಷ ಬೇರೆ. ಸಮಾನ ಪೀಠದ ಮಾತು ಒಪ್ಪಿಗೆ ಆಗದಿದ್ದರೆ ದೊಡ್ಡ ಪೀಠಕ್ಕೆ ಕಳಿಸಬೇಕಿತ್ತು, ತಾನೇ ಬೇರೆ ದಾರಿ ಹಿಡಿಯಬಾರದಿತ್ತು. ಓದಿ ಒಪ್ಪದೇ ಇರುವುದು ಒಂದು, ಓದದೇ ಹೋಗುವುದು ಇನ್ನೊಂದು. ರಾಜೇಶ್ ಎರಡನೆಯ ಜಾತಿಯದು.

ಹಾಗಾದರೆ ಪುಣೆಯ ಟ್ರಿಬ್ಯೂನಲ್ ಏನು ಮಾಡಬೇಕು? 'ರಾಜೇಶ್ ಪರ್ ಇನ್‌ಕ್ಯೂರಿಯಂ ಎಂದು ಟ್ರಿಬ್ಯೂನಲ್ ಘೋಷಿಸಿ ಅದನ್ನು ಬದಿಗಿಡಬೇಕು' ಅಂತ ನೀನು ಬರೆದಿದ್ದೀಯ. ಇದನ್ನು ಓದಿದಾಗ ನನಗೆ ಸ್ವಲ್ಪ ಸಂಕಟವೇ ಆಯಿತು. ಕೆಳಗಿನ ಕೋರ್ಟು ಮೇಲಿನ ಕೋರ್ಟಿಗೆ 'ನೀವು ಗಮನಿಸಲಿಲ್ಲ' ಅಂತ ಹೇಳಿ ಬಿಡಿಸಿಕೊಳ್ಳುವ ಹಾಗಿಲ್ಲ.

ಇದಕ್ಕೆ ನಮ್ಮ ಬಾಂಬೆ ಹೈಕೋರ್ಟಿನಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಮಾಜಿ ಮುಖ್ಯಮಂತ್ರಿ ಅಂತುಳೆ ಅವರ ಭ್ರಷ್ಟಾಚಾರದ ಕೇಸು. 1984ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಅದನ್ನು ವಿಶೇಷ ನ್ಯಾಯಾಧೀಶರ ಹತ್ತಿರದಿಂದ ಬಾಂಬೆ ಹೈಕೋರ್ಟಿಗೆ ವರ್ಗಾಯಿಸಿತು. ಆದರೆ 1952ರ ಕಾನೂನು ಸ್ಪಷ್ಟವಾಗಿತ್ತು. ಅಂಥ ಅಪರಾಧವನ್ನು ವಿಶೇಷ ನ್ಯಾಯಾಧೀಶರು ಮಾತ್ರ ವಿಚಾರಿಸಬೇಕು. ಅಂತುಳೆ ಪರವಾಗಿ ಇದೇ ಆಕ್ಷೇಪ ಹೈಕೋರ್ಟಿನಲ್ಲಿ ಎದ್ದಿತು. ಸುಪ್ರೀಂ ಕೋರ್ಟಿನ ಆದೇಶಕ್ಕೆ ನಾನು ಬದ್ಧ ಅಂತ ಹೇಳಿ ಜಡ್ಜು ಆಕ್ಷೇಪವನ್ನು ತಳ್ಳಿದರು. ಅದು ಸರಿಯಾದ ಹೆಜ್ಜೆ. ಕೊನೆಗೆ 1988ರಲ್ಲಿ ಸುಪ್ರೀಂ ಕೋರ್ಟೇ, ಏಳು ಜನರ ಪೀಠದಲ್ಲಿ, ಬಹುಮತದಿಂದ, ಆ ನಿರ್ದೇಶನ ಕಾನೂನಿನ ಕಲಮನ್ನು ಗಮನಿಸದೆ ಕೊಟ್ಟದ್ದು ಅಂತ ಒಪ್ಪಿ ತಿದ್ದಿಕೊಂಡಿತು. ತಪ್ಪು ಎಲ್ಲರಿಗೂ ಕಾಣುತ್ತಿತ್ತು. ಆದರೂ ಅದನ್ನು ತಪ್ಪು ಅನ್ನುವ ಅಧಿಕಾರ ಒಂದೇ ಕಡೆ ಇತ್ತು.

ಹಾಗಂತ ಟ್ರಿಬ್ಯೂನಲ್ ಕೈಕಟ್ಟಿ ಕೂರಲೂ ಆಗುವುದಿಲ್ಲ ಅಲ್ವಾ? ರಾಜೇಶ್ ಮತ್ತು ರೇಷ್ಮಾ ಕುಮಾರಿ ಎರಡೂ ಮೂವರ ಪೀಠ. ಎರಡನ್ನೂ ಒಟ್ಟಿಗೆ ಪಾಲಿಸಲು ಸಾಧ್ಯವಿಲ್ಲ. ಇಲ್ಲಿಗೆ ಸಹಾಯಕ್ಕೆ ಬರುವುದು 2014ರ ಮಾರ್ಚ್‌ನ ಸಂದೀಪ್ ಕುಮಾರ್ ಬಾಫ್ನಾ ತೀರ್ಪು, ಅದೂ ಮಹಾರಾಷ್ಟ್ರದಿಂದ ಹೋದ ಕೇಸೇ. ಸಮಾನ ಪೀಠಗಳ ಎರಡು ತೀರ್ಪು ಒಂದಕ್ಕೊಂದು ಹೊಂದದೇ ಹೋದರೆ ಮೊದಲು ಬಂದದ್ದನ್ನು ಅನುಸರಿಸಿ ಅಂತ ಅದು ಹೈಕೋರ್ಟುಗಳಿಗೆ ಹೇಳುತ್ತದೆ. ಹೈಕೋರ್ಟಿಗೆ ಅನ್ವಯಿಸುವುದು ಟ್ರಿಬ್ಯೂನಲ್‌ಗೆ ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಟ್ರಿಬ್ಯೂನಲ್ ಇಲ್ಲಿ ರಾಜೇಶ್ ಅನ್ನು ಅಳಿಸುತ್ತಿಲ್ಲ. ಸುಪ್ರೀಂ ಕೋರ್ಟು ಕೊಟ್ಟ ನಿಯಮದ ಪ್ರಕಾರ ಎರಡರಲ್ಲಿ ಒಂದನ್ನು ಹಿಡಿಯುತ್ತಿದೆ. ನಿನ್ನ ಉತ್ತರದಲ್ಲಿ ಈ ವಾಕ್ಯ ಬರಬೇಕು, ನಿನ್ನದೇ ಮಾತಿನಲ್ಲಿ.

ಹೀಗೆ ರೇಷ್ಮಾ ಕುಮಾರಿಯೇ ಗತಿ ಅಂದಮೇಲೆ ಆ ಹೆಂಗಸಿನ ವಕೀಲರಿಗೆ ಉಳಿದ ದಾರಿ ಯಾವುದು? ಡಿಸ್ಟಿಂಗ್ವಿಶ್ ಮಾಡುವುದು, ಅಂದರೆ ಆ ತೀರ್ಪಿನ ಕೇಸಿಗೂ ಈ ಕೇಸಿಗೂ ಇರುವ ವ್ಯತ್ಯಾಸ ತೋರಿಸುವುದು. 'ಆ ಕೇಸಿನ ಊರು ಬೇರೆ, ವಾಹನ ಬೇರೆ' ಅಂತ ನೀನು ಬರೆದಿದ್ದೀಯ. ಊರು, ವಾಹನ ಬೇರೆಯಾದರೆ ಆ ತೀರ್ಪಿನ ಕಾರಣಕ್ಕೆ ಏನಾಯಿತು? ಏನೂ ಆಗಲಿಲ್ಲ. ನಾನು ಹೊಸದಾಗಿ ವಕೀಲಿಕೆ ಶುರು ಮಾಡಿದಾಗ ತಲೆಬರಹದ ಸಾರಾಂಶ ಮಾತ್ರ ಓದಿಕೊಂಡು ಹೀಗೇ ವಾದಿಸಿದ್ದೆ. ಎದುರಿನ ಹಿರಿಯ ವಕೀಲರು ಎದ್ದು, ತೀರ್ಪಿನ ಒಳಗಿನ ಎರಡು ಪ್ಯಾರಾ ಸುಮ್ನೆ ಓದಿ ಕೂತರು. ನನ್ನ ವ್ಯತ್ಯಾಸ ಅಲ್ಲಿಗೇ ಮುಗಿಯಿತು. ಆ ದಿನ ನನ್ನ ಕಕ್ಷಿದಾರರ ಮುಖ ನೋಡಲು ಆಗಲಿಲ್ಲ.

ವ್ಯತ್ಯಾಸ ತೋರಿಸಬೇಕಾದದ್ದು ನಿಯಮದ ಕಾರಣ ಎಲ್ಲಿ ನಿಂತಿದೆಯೋ ಅಲ್ಲಿ. ಸ್ವಂತ ದುಡಿಮೆಯವನಿಗೆ ವರ್ಷವರ್ಷ ಸಂಬಳ ಏರುವ ಖಾತ್ರಿ ಇಲ್ಲ, ಅದಕ್ಕೇ ಇದ್ದ ಆದಾಯವನ್ನೇ ಹಿಡಿ ಅನ್ನುವುದು. ಈಗ ಪ್ರಶ್ನೆಯ ಎರಡನೇ ಪ್ಯಾರಾ ನೋಡು. ಮೂರು ವರ್ಷದ ತೆರಿಗೆ ರಿಟರ್ನ್‌ಗಳಲ್ಲಿ ಆದಾಯ ಏರುತ್ತಾ ಬಂದಿದೆ. ಸಾಯುವ ಎರಡು ತಿಂಗಳ ಮುಂಚೆ ಪಕ್ಕದ ಮಳಿಗೆಯನ್ನು ಬಾಡಿಗೆಗೆ ಹಿಡಿದು ಕರಾರು ಬರೆದುಕೊಟ್ಟಿದ್ದಾನೆ. ಪರೀಕ್ಷಕರು ಇದನ್ನು ಸುಮ್ಮನೆ ಹಾಕಿಲ್ಲ. ಏರಿಕೆಯ ಖಾತ್ರಿ ಇಲ್ಲ ಅನ್ನುವ ಕಾರಣವೇ ಇಲ್ಲಿ ಸಡಿಲವಾಗುತ್ತದೆ. ರೇಷ್ಮಾ ಕುಮಾರಿಯೇ ಬಿಟ್ಟಿರುವ 'ಅಪರೂಪದ ವಿಶೇಷ ಸಂದರ್ಭ'ದ ಬಾಗಿಲಿನಿಂದ ಒಳಗೆ ಹೋಗಬಹುದು. ತೀರ್ಪಿಗೆ ಬದ್ಧನಾಗಿದ್ದುಕೊಂಡೇ ಟ್ರಿಬ್ಯೂನಲ್ ಸ್ವಲ್ಪ ಸೇರಿಸಬಹುದು. ಎಷ್ಟು ಅನ್ನುವುದು ಸಾಕ್ಷ್ಯ ನೋಡಿ. ಆ ಎರಡು ಸಾಲನ್ನು ನೀನು ಮುಟ್ಟಿಯೇ ಇಲ್ಲ.

ನೀನು ಉತ್ತರದಲ್ಲಿ ಆಧಾರವಾಗಿ ಕೊಟ್ಟಿರುವ ಕರ್ನಾಟಕ ಹೈಕೋರ್ಟಿನ ತೀರ್ಪಿನ ಬಗ್ಗೆ ಒಂದು ಮಾತು. ನಮ್ಮ ಊರಿನ ಕೋರ್ಟು ಅಂತ ಪ್ರೀತಿ ಇರಲಿ, ಪುಣೆಯ ಟ್ರಿಬ್ಯೂನಲ್ ಅದಕ್ಕೆ ಬದ್ಧವಲ್ಲ. ಓದಿ ಮನಸ್ಸಿಗೆ ಒಪ್ಪಿದರೆ ತೆಗೆದುಕೊಳ್ಳಬಹುದು, ಅಷ್ಟೇ. ಥಾಣಾ ಎಲೆಕ್ಟ್ರಿಸಿಟಿ ಸಪ್ಲೈ ಕೇಸಿನಲ್ಲಿ ಬಾಂಬೆ ಹೈಕೋರ್ಟು ಇದನ್ನು ಬಿಡಿಸಿ ಹೇಳಿದೆ. ಮಡಗಾಂವಿನ ಟ್ರಿಬ್ಯೂನಲ್ ಆಗಿದ್ದರೂ ಇದೇ ಉತ್ತರ, ಯಾಕೆಂದರೆ ಗೋವಾ ಕೂಡ ಬಾಂಬೆ ಹೈಕೋರ್ಟಿನ ಕೆಳಗೇ ಬರುತ್ತದೆ.

ಪ್ರಶ್ನೆಯ ಕೊನೆಯ ಭಾಗ, ಟ್ರಿಬ್ಯೂನಲ್ ಕೊಟ್ಟ ಅದೇ ಅವಾರ್ಡಿನ ಮೇಲ್ಮನವಿ 2018ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂದರೆ? 2017ರ ಅಕ್ಟೋಬರ್ 31ರಂದು ಐವರ ಪೀಠ ಪ್ರಣಯ್ ಸೇಠಿ ತೀರ್ಪು ಕೊಟ್ಟಿತು. ರಾಜೇಶ್ ರೇಷ್ಮಾ ಕುಮಾರಿಯನ್ನು ಗಮನಿಸಿಲ್ಲ, ಆದ್ದರಿಂದ ಅದು ಬದ್ಧವಾದ ಪೂರ್ವನಿದರ್ಶನ ಅಲ್ಲ ಅಂದಿತು. ಅದನ್ನು ಓದಿ ನೀನು 'ಆದ್ದರಿಂದ ವಿಧವೆಗೆ 17,28,000 ಮಾತ್ರ' ಅಂತ ಮುಗಿಸಿದ್ದೀಯ. ಅದೇ ತೀರ್ಪನ್ನು ಇನ್ನೂ ಸ್ವಲ್ಪ ಮುಂದೆ ಓದಬೇಕಿತ್ತು ಮಗಳೇ. ರಾಜೇಶ್ ಬದ್ಧವಲ್ಲ ಅಂದ ಆ ಪೀಠವೇ, ಸ್ವಂತ ದುಡಿಮೆಯವರು ಕೂಡ ಬೆಲೆ ಏರಿದ ಹಾಗೆ ಆದಾಯ ಏರಿಸಿಕೊಳ್ಳುತ್ತಾರೆ ಅಂತ ಒಪ್ಪಿ, 40ರ ಒಳಗಿನವರಿಗೆ ಶೇಕಡಾ 40 ಸೇರಿಸಿ ಅಂದಿತು. ಪರ್ ಇನ್‌ಕ್ಯೂರಿಯಂ ಅನ್ನುವುದು ಒಂದು ತೀರ್ಪಿನ ಬಲವನ್ನು ಕಸಿಯುತ್ತದೆ. ಅದರ ವಿಚಾರ ತಪ್ಪು ಅಂತ ಅದು ಹೇಳುವುದಿಲ್ಲ. ಐವರ ಪೀಠಕ್ಕೆ ಆ ವಿಚಾರವನ್ನು ಹೊಸದಾಗಿ, ತನ್ನ ಅಧಿಕಾರದಿಂದ, ಬೇರೆ ಅಂಕಿಯಲ್ಲಿ ಹೇಳಲು ಯಾವ ಅಡ್ಡಿಯೂ ಇರಲಿಲ್ಲ.

ಹಾಗಾಗಿ ಹೈಕೋರ್ಟಿನಲ್ಲಿ ಲೆಕ್ಕ ಹೀಗೆ: ತಿಂಗಳಿಗೆ 16,800, ವರ್ಷಕ್ಕೆ 2,01,600, ಕಾಲು ಭಾಗ ಕಳೆದು 1,51,200, ಹದಿನಾರರಿಂದ ಗುಣಿಸಿದರೆ 24,19,200. ಅಂತ್ಯಕ್ರಿಯೆಯ ಖರ್ಚು ಮುಂತಾದ ಸಣ್ಣ ಮೊತ್ತಗಳು ಇದರ ಮೇಲೆ. 2014ಕ್ಕೆ ಒಂದು ಉತ್ತರ, 2018ಕ್ಕೆ ಇನ್ನೊಂದು. ಪ್ರಶ್ನೆಯಲ್ಲಿ ಎರಡು ತಾರೀಕು ಕೊಟ್ಟಿರುವುದು ಅದಕ್ಕೇ.

ಐದನೆಯದನ್ನು ಮಾತ್ರ ಇನ್ನೊಂದು ಸಲ ಬರೆದು, ರಫ್ ಹಾಳೆಯ ಸಮೇತ ಫೋಟೋ ಕಳಿಸು. ಶನಿವಾರ ನಾನೂ ನಿನ್ನ ಅತ್ತೆಯೂ ಡೆಕ್ಕನ್ ಕ್ವೀನ್‌ಗೆ ಪುಣೆಗೆ ಬರುತ್ತಿದ್ದೇವೆ. ರೇಷ್ಮಾ ಕುಮಾರಿ ಮತ್ತು ಪ್ರಣಯ್ ಸೇಠಿಯ ಪೂರ್ತಿ ಪ್ರತಿಗಳನ್ನು ತರುತ್ತೇನೆ, ಅಂಚಿನಲ್ಲಿ ನನ್ನ ಪೆನ್ಸಿಲ್ ಗುರುತುಗಳಿವೆ. ಚಟ್ನಿಪುಡಿಯನ್ನೂ ಅತ್ತೆ ಕಟ್ಟಿಟ್ಟಿದ್ದಾಳೆ.

ಇಂತಿ ನಿನ್ನ
ಮಾವ