ಒತ್ತೆಯಿಟ್ಟ ಚಿನ್ನ ಅದೇ ವರ್ಷ ಬಿಡುಗಡೆಯಾಗಿತ್ತು

ಮಾನ್ಯ ಸಂಪಾದಕರೇ,

ರಿಸರ್ವ್ ಬ್ಯಾಂಕ್ 2024ರಲ್ಲಿ ಬ್ರಿಟನ್ನಿನಿಂದ 100 ಟನ್ ಚಿನ್ನ ತಂದದ್ದನ್ನು ನೆನೆದು, ‘1991ರಲ್ಲಿ ಒತ್ತೆಯಿಟ್ಟ ಚಿನ್ನ 33 ವರ್ಷಗಳ ಮೇಲೆ ಮನೆಗೆ ಬಂತು’ ಎಂದು ಓದುಗರೊಬ್ಬರು ನಿಮ್ಮ ಅಂಕಣದಲ್ಲಿ ಬರೆದಿದ್ದಾರೆ. ಇದು ತಪ್ಪು. ಆಮದಿಗೆ ಡಾಲರ್ ಸಾಲದೆ ಆ ಚಿನ್ನದ ಮೇಲೆ ತಂದಿದ್ದ ಸಾಲವನ್ನು 1991ರ ನವೆಂಬರ್ ವೇಳೆಗೇ ತೀರಿಸಿ ಚಿನ್ನವನ್ನು ಬಿಡಿಸಿಕೊಂಡಾಗಿತ್ತು.

ಆಗ ನಾನು ಮಂಗಳೂರಿನ ಒಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿದ್ದೆ. ಕುವೈತಿನ ಮೇಲೆ ಇರಾಕ್ ದಾಳಿ ಮಾಡಿದ್ದು 1990ರ ಆಗಸ್ಟ್‌ನಲ್ಲಿ. ಅದರ ಬಿಸಿ ನಮ್ಮ ಕರಾವಳಿಗೆ ಬೇಗ ತಟ್ಟಿತು. ಪ್ರತಿ ತಿಂಗಳು ಕುವೈತಿನಿಂದ ಡ್ರಾಫ್ಟ್ ಬರುತ್ತಿದ್ದ ಮನೆಗಳಿಗೆ ಈಗ ದುಡಿಯುವ ಮಗನೇ ಬರಿಗೈಯಲ್ಲಿ ಬಂದಿಳಿದ. ಅತ್ತ ಕಚ್ಚಾ ತೈಲದ ಬೆಲೆ ಏರಿತು. ಆದರೆ ತೈಲವೊಂದನ್ನೇ ದೂರುವುದು ಸರಿಯಲ್ಲ. ಎಂಬತ್ತರ ದಶಕದುದ್ದಕ್ಕೂ ಸರ್ಕಾರ ಆದಾಯಕ್ಕಿಂತ ಹೆಚ್ಚು ಖರ್ಚು ಮಾಡುತ್ತಾ ಬಂದಿತ್ತು. ವಿದೇಶಿ ಕೊರತೆಯನ್ನು ತುಂಬಲು ಅಲ್ಪಾವಧಿ ಸಾಲವನ್ನೂ ಅನಿವಾಸಿ ಭಾರತೀಯರ ಠೇವಣಿಯನ್ನೂ ನೆಚ್ಚಿಕೊಂಡಿತ್ತು. ಎರಡೂ ನಂಬಿಕೆ ಇರುವವರೆಗೆ ಮಾತ್ರ ನಿಲ್ಲುವ ಹಣ.

ನಂಬಿಕೆ ಹೋದಾಗ ಏನಾಯಿತು ನೋಡಿ. 1991ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರೇ ತಿಂಗಳಲ್ಲಿ ಸುಮಾರು 95 ಕೋಟಿ ಡಾಲರ್ ಅನಿವಾಸಿ ಠೇವಣಿ ಹೊರಟುಹೋಯಿತು. ಚಿನ್ನದ ಎರಡೂ ವ್ಯವಹಾರ ಸೇರಿ ನಮಗೆ ಸಿಕ್ಕಿದ್ದು ಸುಮಾರು 60 ಕೋಟಿ ಡಾಲರ್! ಚಿನ್ನ ಕೊಟ್ಟು ತಂದದ್ದಕ್ಕಿಂತ ಹೆಚ್ಚು ಹಣ ಸದ್ದಿಲ್ಲದೆ ಹೊರಗೆ ಹರಿದಿತ್ತು. ಚಿನ್ನದ ಬಗ್ಗೆ ಇಂದಿಗೂ ಮರುಗುವ ನಾವು ಇದನ್ನು ಮಾತ್ರ ಮರೆತುಬಿಟ್ಟಿದ್ದೇವೆ.

ಎರಡು ವ್ಯವಹಾರ ಎಂದೆ. ಹೆಚ್ಚಿನವರು ಇವನ್ನು ಒಂದೇ ಎಂದುಕೊಂಡಿದ್ದಾರೆ. ಮೊದಲನೆಯದು ಮೇ ತಿಂಗಳದು, ಚಂದ್ರಶೇಖರ್ ಅವರ ಉಸ್ತುವಾರಿ ಸರ್ಕಾರದ ಕಾಲದ್ದು. ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡು ಸರ್ಕಾರದ ಬಳಿಯಿದ್ದ 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕಿಗೆ ಕೊಡಲಾಯಿತು. ಅದು ಮತ್ತೆ ಕೊಳ್ಳುವ ಹಕ್ಕನ್ನು ಉಳಿಸಿಕೊಂಡು ಯೂನಿಯನ್ ಬ್ಯಾಂಕ್ ಆಫ್ ಸ್ವಿಟ್ಜರ್ಲೆಂಡಿಗೆ ಮಾರಿತು. ಅದು ಒತ್ತೆಯಲ್ಲ, ಮಾರಾಟ. ರಿಸರ್ವ್ ಬ್ಯಾಂಕಿನ ಚಿನ್ನವೂ ಅಲ್ಲ.

ಒತ್ತೆ ಇಟ್ಟದ್ದು ಜುಲೈನಲ್ಲಿ, ನರಸಿಂಹ ರಾವ್ ಸರ್ಕಾರ ಬಂದ ಮೇಲೆ. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ನಾಲ್ಕು ಕಂತುಗಳಲ್ಲಿ ವಿಮಾನವೇರಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಭದ್ರತೆಗೆ ಸೇರಿತು. ಅದರ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ 40.5 ಕೋಟಿ ಡಾಲರ್ ಸಾಲ ಕೊಟ್ಟವು. ‘ಮುಂಬೈಯಲ್ಲೇ ಇಟ್ಟುಕೊಂಡು ಕಾಗದದ ಮೇಲೆ ಒತ್ತೆ ಬರೆದುಕೊಡಬಾರದಿತ್ತೇ’ ಎಂದು ಆಗ ನಮ್ಮ ಗ್ರಾಹಕರು ಕೇಳುತ್ತಿದ್ದರು. ಸಾಲಗಾರ ಚಿನ್ನವನ್ನು ಮನೆಯಲ್ಲೇ ಇಟ್ಟುಕೊಂಡು ಚೀಟಿ ತಂದುಕೊಟ್ಟರೆ ಊರಿನ ಯಾವ ಸಹಕಾರಿ ಸಂಘವಾದರೂ ಸಾಲ ಕೊಟ್ಟೀತೇ? ನಮ್ಮ ಕಾಗದವನ್ನು ಆಗ ನಂಬುವವರೇ ಇರಲಿಲ್ಲ.

ಆ ದಿನಗಳ ಬಿಗಿ ಎಷ್ಟಿತ್ತೆಂದರೆ, ಸಾಮಾನ್ಯ ಆಮದಿಗೆ ಲೆಟರ್ ಆಫ್ ಕ್ರೆಡಿಟ್, ಅಂದರೆ ಮಾರುವವನಿಗೆ ಹಣ ಸಿಗುವುದೆಂಬ ಬ್ಯಾಂಕಿನ ಖಾತರಿ ಪತ್ರ, ತೆರೆಯಬೇಕಾದರೆ ಸರಕಿನ ಬೆಲೆಯ ಎರಡರಷ್ಟು ನಗದು ಠೇವಣಿ ಇಡಬೇಕೆಂಬ ನಿಯಮ ಬಂದಿತ್ತು. ಬಣ್ಣದ ರಾಸಾಯನಿಕ ತರಿಸುತ್ತಿದ್ದ ಸಣ್ಣ ಕಾರ್ಖಾನೆಯ ಮಾಲೀಕರೊಬ್ಬರಿಗೆ ನಾನು ಈ ಲೆಕ್ಕ ಬರೆದು ತೋರಿಸಿದೆ. ಒಂದು ಲಕ್ಷದ ಸರಕಿಗೆ ಎರಡು ಲಕ್ಷ. ಅವರು ಆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಅರ್ಜಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದುಹೋದರು. ಡಾಲರ್ ಉಳಿಯಿತು, ಅವರ ಕಾರ್ಖಾನೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ನಡೆಯಿತು. ಚಿನ್ನ ಹೋದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇದು.

ಒತ್ತೆಯಿಂದ ದೇಶಕ್ಕೆ ಸಿಕ್ಕಿದ್ದು ಕೆಲವು ವಾರಗಳ ಉಸಿರು, ಅಷ್ಟೇ. ಅದೇ ತಿಂಗಳ ಆರಂಭದಲ್ಲಿ, ಜುಲೈ 1 ಮತ್ತು 3ರಂದು, ರೂಪಾಯಿ ಅಪಮೌಲ್ಯವಾಯಿತು. ಸುಮಾರು 21 ರೂಪಾಯಿಯಿದ್ದ ಡಾಲರ್ 26ರ ಹತ್ತಿರಕ್ಕೆ ಬಂತು. ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು, ಅದೇ ದಿನ ಹೊಸ ಕೈಗಾರಿಕಾ ನೀತಿ ಪ್ರಕಟವಾಗಿ ಬಹುಪಾಲು ಪರವಾನಗಿಗಳು ರದ್ದಾದವು. ಐಎಂಎಫ್ ಸಾಲವೂ ಬಂತು. ಹೊರಟಿದ್ದ ಹಣ ನಿಂತು, ಮರಳತೊಡಗಿದ ಮೇಲೆಯೇ ಒತ್ತೆಯ ಸಾಲ ತೀರಿತು.

ಹಾಗಾದರೆ ಚಿನ್ನ ಆಗಲೇ ಏಕೆ ಬರಲಿಲ್ಲ? ಬಿಡಿಸಿಕೊಂಡ ಮೇಲೆ ರಿಸರ್ವ್ ಬ್ಯಾಂಕ್ ಅದನ್ನು ತನ್ನದೇ ಆಸ್ತಿಯಾಗಿ ಹೊರದೇಶದಲ್ಲಿ ಇಟ್ಟುಕೊಂಡಿತು. ಹಣ ಬೇಕಾದಾಗ ಲಂಡನ್ನಿನಲ್ಲಿರುವ ಚಿನ್ನವನ್ನು ಸಾಗಿಸುವ ಗೋಜಿಲ್ಲದೆ ಬಳಸಬಹುದು. 2009ರಲ್ಲಿ ಐಎಂಎಫ್‌ನಿಂದ ಕೊಂಡ 200 ಟನ್ನನ್ನೂ ಹೊರದೇಶದಲ್ಲೇ ಇಡಲಾಗಿತ್ತು. 2024ರಲ್ಲಿ ಹೀಗೆ ಸ್ವಂತ ಚಿನ್ನವನ್ನು ಒಂದು ಭಂಡಾರದಿಂದ ಇನ್ನೊಂದಕ್ಕೆ ಸ್ಥಳಾಂತರಿಸಿದ್ದನ್ನು ಒತ್ತೆ ಬಿಡಿಸಿದ್ದೆಂದು ಬರೆದರೆ, 1991ರಲ್ಲೇ ಸಾಲ ತೀರಿಸಿದವರ ಕೆಲಸ ಅಳಿಸಿಹೋಗುತ್ತದೆ. ದಯವಿಟ್ಟು ಇದೇ ಅಂಕಣದಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು