ಮದುವೆಗೆ ಬಂದವರಿಗೆ, ಮತ್ತೆ ಆ ರಾತ್ರಿ ನಿದ್ದೆ ಬಿಟ್ಟವಳಿಗೆ

ಮದುವೆ ಆಗಿ ಮೂರು ವಾರ ಆಯ್ತು, ಥ್ಯಾಂಕ್ಸ್ ಹೇಳ್ಲಿಕ್ಕೆ ಈಗ ಪುರ್ಸೊತ್ತು ಸಿಕ್ಕಿದ್ದು. ಚಪ್ಪರ ಹಾಕಿದವರು, ಬಡಿಸಿದವರು, ಹಾಸನದಿಂದ ಶಿರಾಡಿ ಘಾಟಿ ಇಳಿದು ಬಂದ ನನ್ನ ಗಂಡನ ಕಡೆಯವರು, ಎಲ್ಲರಿಗೂ ಒಟ್ಟಿಗೆ ಒಂದು ದೊಡ್ಡ ನಮಸ್ಕಾರ. ಬೇಜಾರು ಮಾಡ್ಬೇಡಿ, ಉಳಿದ ಜಾಗ ಎಲ್ಲ ನನ್ನ ಪಿಜಿ ರೂಮ್‌ಮೇಟಿಗೆ. ಹೆಸರು ಹಾಕಿದ್ರೆ ಕೊಲ್ತೇನೆ ಅಂದಿದ್ದಾಳೆ, ಹಾಗಾಗಿ ಹಾಕುದಿಲ್ಲ.

ನಾವಿಬ್ರು ಹೇಗೆ ಸಿಕ್ಕಿದ್ದು ಅಂತ ತುಂಬಾ ಜನ ಕೇಳಿದ್ರಿ. ಸುಳ್ಳಿನಿಂದ. ನನ್ನ ಮದುವೆ ಪ್ರೊಫೈಲಲ್ಲಿ "ಕುಮಾರ ಪರ್ವತ ಹತ್ತಿದ್ದೇನೆ" ಅಂತ ಇತ್ತು. ಸಂಗತಿ ಎಂತ ಅಂದ್ರೆ ಕಾಲೇಜಲ್ಲಿರುವಾಗ ಕುಕ್ಕೆಯಿಂದ ಭಟ್ಟರ ಮನೆವರೆಗೆ ಹೋಗಿ, ಅನ್ನ ಸಾಂಬಾರು ಮಜ್ಜಿಗೆ ಊಟ ಮಾಡಿ, ಹಿಂದೆ ಬೆಟ್ಟ ಕಾಣುವ ಹಾಗೆ ಫೋಟೋ ತೆಗ್ದು ವಾಪಸ್ ಬಂದವಳು ನಾನು. ಹೋದವರಿಗೆ ಗೊತ್ತು, ಅದು ಅರ್ಧ ದಾರಿ ಸಹ ಅಲ್ಲ. ಅವರ ಪ್ರೊಫೈಲಲ್ಲಿ ಭಾಷೆ: ಕನ್ನಡ, ಇಂಗ್ಲಿಷ್, ತುಳು. ಹಾಸನದವರಿಗೆ ತುಳು ಎಲ್ಲಿಂದ ಬಂತು ಮಾರಾಯ್ರೆ ಅಂತ ಆಗ್ಲೇ ಕೇಳ್ಬೇಕಿತ್ತು, ನಾನು ಕೇಳ್ಲಿಲ್ಲ, ಯಾಕಂದ್ರೆ ನನ್ನದೂ ಕೇಳ್ತಾರಲ್ವಾ.

ಕೊನೆಗೆ ಅವರೇ, ನೀವು ಹತ್ತಿದ ಬೆಟ್ಟ ಅಲ್ವಾ, ಅಲ್ಲೇ ಭೇಟಿ ಆಗೋಣ ಅಂದ್ರು. ರೂಮ್‌ಮೇಟ್ ಹೇಳಿದ್ಲು, ಈಗಲೇ ನಿಜ ಹೇಳು. ಹೇಳ್ಲಿಲ್ಲ. ಹಾಗಾದ್ರೆ ನಾನೂ ಬರ್ತೇನೆ ಅಂತ ಬ್ಯಾಗ್ ತುಂಬಿಸಿದ್ಲು.

ಕುಕ್ಕೆಯಲ್ಲಿ ಬೆಳಿಗ್ಗೆ ಹೋಟ್ಲಲ್ಲಿ ಒಬ್ರು ಅಜ್ಜ ಇವರ ಹತ್ರ "ಒಲ್ತುರ್ದು ಬತ್ತಿನಿ?" ಕೇಳಿದ್ರು, ಎಲ್ಲಿಂದ ಬಂದದ್ದು ಅಂತ. ಇವ್ರು ಭಾರೀ ಧೈರ್ಯದಲ್ಲಿ "ವಣಸ್ ಆಂಡ್" ಅಂದ್ರು. ಊಟ ಆಯ್ತಂತೆ, ಬೆಳಿಗ್ಗೆ ಆರು ಗಂಟೆಗೆ! ನಾನು ಚಾದ ಲೋಟ ನೋಡ್ತಾ ಕೂತೆ, ನಗ್ಲಿಲ್ಲ, ಅದೊಂದು ನನಗೆ ಇವತ್ತಿಗೂ ಹೆಮ್ಮೆ.

ಭಟ್ಟರ ಮನೆವರೆಗೆ ಕಾಡು, ಏರು ಜೋರು, ಆದ್ರೆ ನೆರಳು ಉಂಟು. ಅಲ್ಲಿಂದ ಮೇಲೆ ಬೋಳು ಗುಡ್ಡ, ಬರೀ ಹುಲ್ಲು, ಬಿಸಿಲು ತಲೆ ಮೇಲೆಯೇ. ನನಗೆ ಗೊತ್ತಿದ್ದ ದಾರಿ ಅಲ್ಲಿಗೆ ಮುಗೀತು. ಎರಡು ಲೀಟರ್ ನೀರು ತಂದಿದ್ದೆ, ಅನುಭವ ಇದ್ದವಳ ಹಾಗೆ ಕಾಣ್ಬೇಕಲ್ಲ ಅಂತ ಕೇಳಿದವರಿಗೆಲ್ಲ ಹಂಚಿ, ನಾನು ಗುಟುಕು ಗುಟುಕು ಕುಡ್ದು ನಡೆದೆ. ಕಲ್ಲು ಮಂಟಪ ಮುಟ್ಟುವಾಗ ತೊಡೆ ಹಿಡ್ಕೊಂಡಿತ್ತು, ಬೆವರು ನಿಂತಿತ್ತು, ತಲೆ ಒಳಗೆ ಯಾರೋ ಕುಟ್ಟಿದ ಹಾಗೆ. ಬೆವರು ನಿಂತದ್ದು ಒಳ್ಳೇದು, ತಂಪಾಯ್ತು ಅಂತ ನಾನು ಎಣಿಸಿದ್ದು ನೋಡಿ!

ರೂಮ್‌ಮೇಟಿಗೆ ಗೊತ್ತಾಯ್ತು. ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿದ್ದಿಯಾ ಅಂತ ಎಲ್ಲರೆದುರು ಕೇಳಿದ್ಲು. ನಾಚಿಕೆ ಬಿಟ್ಟು ಇಲ್ಲ ಅಂದೆ. ಆಮೇಲೆ ಮತ್ತೆಂತ ಮುಚ್ಚುದು, ನಾನು ಇಲ್ಲಿಯವರೆಗೂ ಬಂದವಳಲ್ಲ, ಭಟ್ಟರ ಮನೆಗೇ ನನ್ನ ಕಥೆ ಮುಗಿದದ್ದು ಅಂತ ಹೇಳಿಬಿಟ್ಟೆ. ಅವರು ತಲೆಗೆ ಕಟ್ಟಿದ ಟವೆಲ್ ಬಿಚ್ಚಿ, ಒದ್ದೆ ಮಾಡಿ ನನ್ನ ಕುತ್ತಿಗೆಗೆ ಹಾಕಿ, "ನಂಗೂ ತುಳು ಬರಲ್ಲ ಕಣ್ರೀ" ಅಂದ್ರು. ಗೊತ್ತುಂಟು, ಅಂದೆ.

ಶೇಷ ಪರ್ವತ ಮೇಲೆ ಕಾಣ್ತಾ ಇತ್ತು, ಅದರಾಚೆ 1712 ಮೀಟರಿನ ಕುಮಾರ ಪರ್ವತ. ಅಲ್ಲಿಂದಲೇ ತಿರುಗಿದ್ವಿ.

ಆ ರಾತ್ರಿ ಲಾಡ್ಜಲ್ಲಿ ನನಗೆ ಹುಷಾರು ತಪ್ಪಿದ್ದು, ಅದನ್ನು ಉದ್ದಕ್ಕೆ ಬರೆಯುದಿಲ್ಲ. ನಾನು ಹೇಳ್ಬೇಕಾದ್ದು ಅವಳ ವಿಷಯ. ಡಾಕ್ಟ್ರ ಹತ್ರ ಹೋಗಿ ಬಂದ ಮೇಲೆ ರಾತ್ರಿಯಿಡೀ ಓಆರೆಸ್ ಒಂದೊಂದೇ ಚಮಚ ಕುಡಿಸಿದ್ಲು. ಒಟ್ಟಿಗೆ ಕುಡಿದ್ರೆ ವಾಂತಿ ಆಗ್ತಿತ್ತು, ಹಾಗಾಗಿ ಚಮಚ, ಎರಡು ನಿಮಿಷ, ಪುನಃ ಚಮಚ. ನಾನು ಅತ್ತೆ, ಕಾಲು ನೋವಿಗೆ ಅಲ್ಲ. ಮೂರು ಕಡೆಯವರು "ಹುಡುಗಿ ತುಂಬಾ ಸಪ್ಪೆ" ಅಂತ ಹೇಳಿ ಹೋದ ಮೇಲೆ ಪ್ರೊಫೈಲಿಗೆ ಹಾಕಿದ ಸಾಲು ಆ ಬೆಟ್ಟದ್ದು, ಬೆಟ್ಟ ತೆಗ್ದ್ರೆ ನನ್ನಲ್ಲಿ ಎಂತ ಉಂಟು ಅಂತ ಅವಳ ಹತ್ರ ಕೇಳಿದೆ. ಅವಳು ಉತ್ತರ ಕೊಡ್ಲಿಲ್ಲ, ಬಾಯಿ ತೆರಿ ಅಂದ್ಲು, ಚಮಚ.

ಬೆಳಿಗ್ಗೆ ಬಾಗಿಲು ತೆಗ್ದ್ರೆ ಇವ್ರು ಹೊರಗೆ ಎಳನೀರು ಹಿಡ್ಕೊಂಡು ನಿಂತಿದ್ರು, "ಎಂಚ ಉಲ್ಲರ್?" ಅಂತ, ಹೇಗಿದ್ದೀರಿ ಅಂತ. ಹೋಟ್ಲಿನ ಅಜ್ಜ ಕಲಿಸಿ ಕಳ್ಸಿದ್ದಂತೆ.

ಈಗ ಅಮ್ಮನ ಹತ್ರ ದಿನಾ ಫೋನಲ್ಲಿ ತುಳು ಕಲೀತಾ ಇದ್ದಾರೆ. ಬೆಟ್ಟ ಬಾಕಿ ಉಂಟು, ಮಳೆ ಮುಗಿದ ಮೇಲೆ ಪರ್ಮಿಟ್ ನೋಡ್ಬೇಕು. ಹೇಯ್, ನೀನೂ ಬಾ ಮಾರಾಯ್ತಿ. ಈ ಸಲ ನೀರು ನಾನು ಯಾರಿಗೂ ಕೊಡುದಿಲ್ಲ.